ಕೋಲಾ ಬಾಟಲಿಯ ಮೇಲೆ ಫಾಸ್ಫರಸ್ ಎಷ್ಟಿದೆ ಅಂತ ಬರೆಸಿ: ಆಹಾರದ ಲೇಬಲ್ ನಿಯಮ ಮಾಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಕಿಡ್ನಿ ವಿಭಾಗದಲ್ಲಿ ಕೆಲಸ ಮಾಡುವ ಆಹಾರ ತಜ್ಞೆ. ಡಯಾಲಿಸಿಸ್‌ಗೆ ಬರುವವರ ಜೊತೆ ಕೂತು, ಏನು ತಿನ್ನಬಹುದು, ಏನು ಬಿಡಬೇಕು, ಎಷ್ಟು ತಿಂದರೆ ಏನಾಗುತ್ತದೆ ಅಂತ ಲೆಕ್ಕ ಹಾಕುವುದು ನನ್ನ ದಿನದ ಕೆಲಸ. ಈ ಪತ್ರ ಕೋಲಾವನ್ನು ನಿಷೇಧಿಸಿ ಅಂತ ಕೇಳುವುದಕ್ಕಲ್ಲ. ಬಾಟಲಿಯ ಹಿಂದೆ ಒಂದು ಸಂಖ್ಯೆ ಬರೆಸಿ ಅಂತ ಕೇಳುವುದಕ್ಕೆ.

ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಆ ಹೆಸರೇ ಇರಬಹುದು, ಇಲ್ಲವೇ 338 ಅನ್ನುವ ಸಂಖ್ಯೆ ಮಾತ್ರ ಇರಬಹುದು. ಕೋಲಾಕ್ಕೆ ಆ ಚುರುಕು ಹುಳಿ ಬರುವುದು ಮುಖ್ಯವಾಗಿ ಇದರಿಂದಲೇ. ನಿಂಬೆ, ಕಿತ್ತಳೆ ರುಚಿಯ ಸೋಡಾಗಳಲ್ಲಿ ಸಾಮಾನ್ಯವಾಗಿ ಸಿಟ್ರಿಕ್ ಆಮ್ಲ ಇರುತ್ತದೆ. ಕೋಲಾ ಮಾತ್ರ ಈ ವಿಷಯದಲ್ಲಿ ಬೇರೆ. ಹಾಗಾಗಿ ಜನ ಇದರ ಬಗ್ಗೆ ಭಯ ಪಡುವುದರಲ್ಲಿ ಆಶ್ಚರ್ಯ ಇಲ್ಲ. ಆದರೆ ಆ ಭಯ ಹೋಗಬೇಕಾದ ಕಡೆ ಹೋಗದೆ ಬೇರೆಲ್ಲೋ ಹೋಗುತ್ತಿದೆ. ಆರೋಗ್ಯವಾಗಿರುವ ಹುಡುಗ ಒಂದು ಲೋಟ ಕುಡಿದರೆ "ಮೂಳೆ ಕರಗಿ ಹೋಗುತ್ತೆ" ಅಂತ ಮನೆಯವರೆಲ್ಲ ಗದರುತ್ತಾರೆ. ಕಿಡ್ನಿ ಅರ್ಧಕ್ಕಿಂತ ಜಾಸ್ತಿ ಕೆಟ್ಟಿರುವವರು ಅದೇ ಕೋಲಾವನ್ನು ದಿನಾ ಕುಡಿಯುತ್ತಾರೆ. ಅವರಿಗೆ ಯಾರೂ ಏನೂ ಹೇಳಿರುವುದಿಲ್ಲ.

ಮೊದಲು ಪ್ರಮಾಣ ನೋಡೋಣ. ಕೋಲಾದಲ್ಲಿ 100 ಮಿಲಿಲೀಟರ್‌ಗೆ ಸುಮಾರು 10ರಿಂದ 17 ಮಿಲಿಗ್ರಾಂ ಫಾಸ್ಫರಸ್ ಇರುತ್ತದೆ. ಅಂದರೆ 330 ಮಿಲಿಲೀಟರ್‌ನ ಒಂದು ಕ್ಯಾನಿನಲ್ಲಿ 35ರಿಂದ 55 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ 700 ಮಿಲಿಗ್ರಾಂ ಫಾಸ್ಫರಸ್ ಬೇಕು. 200 ಮಿಲಿಲೀಟರ್‌ನ ಒಂದು ಲೋಟ ಹಾಲಿನಲ್ಲೇ ಹತ್ತಿರ ಹತ್ತಿರ 190 ಮಿಲಿಗ್ರಾಂ ಇರುತ್ತದೆ. ಕೋಲಾದಲ್ಲಿರುವ ಫಾಸ್ಫರಸ್ ಅನ್ನೇ ನೋಡಿ ಮೂಳೆಗೆ ವಿಷ ಅನ್ನುವುದಾದರೆ, ಹಾಲನ್ನು ಅದಕ್ಕಿಂತ ಮೊದಲು ಬೈಯಬೇಕಾಗುತ್ತದೆ. ನಮ್ಮ ಮೂಳೆಯೇ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳಿಂದ ಕಟ್ಟಿದ್ದು. ದೇಹದ ಫಾಸ್ಫರಸ್‌ನಲ್ಲಿ ಸುಮಾರು 85 ಶೇಕಡಾ ಮೂಳೆ, ಹಲ್ಲುಗಳಲ್ಲೇ ಇದೆ.

"ಅದು ಸರಿ, ಆದರೆ ಅದು ಆಮ್ಲ ಅಲ್ವಾ?" ಅಂತ ಕೇಳುತ್ತಾರೆ. ಹೌದು, ಕೋಲಾದ ಪಿಎಚ್ ಸುಮಾರು 2.5. ಹಲ್ಲಿಗೆ ಇದು ನಿಜವಾಗಿಯೂ ಕೆಟ್ಟದ್ದು. ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಎನಾಮಲ್ ಕರಗಲು ಶುರುವಾಗುತ್ತದೆ, ಮತ್ತು ಕೋಲಾ ಹಲ್ಲನ್ನು ನೇರವಾಗಿ ಮುಟ್ಟುತ್ತದೆ. ಮೂಳೆಯನ್ನು ಅದು ಮುಟ್ಟುವುದೇ ಇಲ್ಲ. ಹೊಟ್ಟೆಯೊಳಗಿನ ಆಮ್ಲ ಕೋಲಾಕ್ಕಿಂತ ತೀಕ್ಷ್ಣ. ಅಲ್ಲಿಂದ ಕರುಳು ದಾಟಿ ರಕ್ತಕ್ಕೆ ಬರುವ ಹೊತ್ತಿಗೆ ಅದು ಆಮ್ಲವಾಗಿ ಉಳಿದಿರುವುದಿಲ್ಲ, ಫಾಸ್ಫೇಟ್ ಆಗಿರುತ್ತದೆ. ಅದು ಬಿಟ್ಟುಕೊಡುವ ಆಮ್ಲದ ಹೊರೆಯನ್ನು ಲೆಕ್ಕ ಹಾಕಬಹುದು. ಅದನ್ನು ಅಳೆಯುವ ಮಾನ ಮಿಲಿಈಕ್ವಿವಲೆಂಟ್. ಒಂದು ಕ್ಯಾನಿನಿಂದ ಬರುವುದು ಹೆಚ್ಚೆಂದರೆ ಸುಮಾರು 3 ಮಿಲಿಈಕ್ವಿವಲೆಂಟ್. 60 ಕಿಲೋ ತೂಕದವರ ದೇಹ ಮಾಮೂಲಿ ಊಟದಿಂದಲೇ ದಿನಕ್ಕೆ ಸುಮಾರು 60 ಮಿಲಿಈಕ್ವಿವಲೆಂಟ್ ಆಮ್ಲ ತಯಾರಿಸಿ ಕಿಡ್ನಿಯ ಮೂಲಕ ಹೊರಗೆ ಹಾಕುತ್ತದೆ. ಅದರ ಇಪ್ಪತ್ತನೇ ಒಂದು ಭಾಗ ಜಾಸ್ತಿ ಬಂದರೆ ಆರೋಗ್ಯವಂತ ಕಿಡ್ನಿಗೆ ಅದು ಗಮನಕ್ಕೂ ಬರುವುದಿಲ್ಲ. ರಾತ್ರಿಯಿಡೀ ಕೋಲಾದಲ್ಲಿ ನೆನೆಸಿಟ್ಟ ಹಲ್ಲು, ಮೊಳೆ, ಕೋಳಿಮೂಳೆಯ ವಿಡಿಯೋಗಳು ಲೋಟದೊಳಗೆ ಏನಾಗುತ್ತದೆ ಅಂತ ತೋರಿಸುತ್ತವೆ. ದೇಹದೊಳಗೆ ಏನಾಗುತ್ತದೆ ಅಂತ ಅಲ್ಲ.

ಇದನ್ನು ಬರೀ ಕಾಗದದ ಮೇಲೆ ಲೆಕ್ಕ ಹಾಕಿ ಬಿಟ್ಟಿಲ್ಲ, ಮನುಷ್ಯರ ಮೇಲೂ ಪರೀಕ್ಷೆ ಆಗಿದೆ. ಅಮೆರಿಕದ ಕ್ರೈಟನ್ ವಿಶ್ವವಿದ್ಯಾಲಯದ ರಾಬರ್ಟ್ ಹೀನಿ ಕ್ಯಾಲ್ಸಿಯಂ ಮತ್ತು ಮೂಳೆಯ ವಿಷಯದಲ್ಲಿ ದೊಡ್ಡ ಹೆಸರು. 2001ರಲ್ಲಿ ಅವರೂ ಕ್ಯಾರನ್ ರಾಫರ್ಟಿಯೂ ಒಂದು ಅಧ್ಯಯನ ಪ್ರಕಟಿಸಿದರು. 20ರಿಂದ 40 ವರ್ಷದ ಮಹಿಳೆಯರಿಗೆ ಬೇರೆ ಬೇರೆ ದಿನ ಬೇರೆ ಬೇರೆ ಪಾನೀಯ ಕೊಟ್ಟು, ಮೂತ್ರದಲ್ಲಿ ಎಷ್ಟು ಕ್ಯಾಲ್ಸಿಯಂ ಹೋಗುತ್ತದೆ ಅಂತ ಅಳೆದರು. ಕೆಲವು ಪಾನೀಯಗಳಲ್ಲಿ ಫಾಸ್ಫಾರಿಕ್ ಆಮ್ಲ, ಕೆಲವದರಲ್ಲಿ ಸಿಟ್ರಿಕ್ ಆಮ್ಲ. ಎರಡೂ ಬಗೆಯಲ್ಲಿ ಕೆಫೀನ್ ಇರುವುದು, ಇಲ್ಲದಿರುವುದು ಎರಡೂ ಇದ್ದವು. ಹೋಲಿಕೆಗೆ ನೀರು ಮತ್ತು ಹಾಲು. ಸೋಡಾಗಳ ಪೈಕಿ ಕ್ಯಾಲ್ಸಿಯಂ ನೀರಿಗಿಂತ ಜಾಸ್ತಿ ಹೋದದ್ದು ಕೆಫೀನ್ ಇದ್ದವುಗಳಲ್ಲಿ ಮಾತ್ರ. ಫಾಸ್ಫಾರಿಕ್ ಆಮ್ಲ ಇದ್ದು ಕೆಫೀನ್ ಇಲ್ಲದ ಪಾನೀಯ ಕುಡಿದಾಗ ಹೆಚ್ಚುವರಿ ನಷ್ಟ ಆಗಲೇ ಇಲ್ಲ. ಕೆಫೀನ್‌ನಿಂದ ಆಗುವ ನಷ್ಟವೂ ಚಿಕ್ಕದು, ದಿನದ ಉಳಿದ ಹೊತ್ತಿನಲ್ಲಿ ದೇಹ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಇನ್ನೊಂದು ವಿಷಯ ಹೇಳಿದರೆ ತುಂಬಾ ಜನ ನಂಬುವುದಿಲ್ಲ. ಊಟದಲ್ಲಿ ಫಾಸ್ಫೇಟ್ ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದು ಕಡಿಮೆಯಾಗುತ್ತದೆ, ಜಾಸ್ತಿಯಾಗುವುದಿಲ್ಲ. 2009ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗಲೂ ಅದೇ ಕಂಡಿತು.

ಹಾಗಾದರೆ ಮೂಳೆಯ ಮಾತು ಪೂರ್ತಿ ಸುಳ್ಳೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ.

2006ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಿಂದ ಒಂದು ವರದಿ ಬಂತು. 1,413 ಮಹಿಳೆಯರು, 1,125 ಪುರುಷರು. ದಿನಾ ಕೋಲಾ ಕುಡಿಯುವ ಮಹಿಳೆಯರಲ್ಲಿ ತೊಡೆಮೂಳೆಯ ಕತ್ತಿನ ಸಾಂದ್ರತೆ, ತಿಂಗಳಿಗೆ ಒಂದು ಸಲವೂ ಕುಡಿಯದವರಿಗಿಂತ 3.7 ಶೇಕಡಾ ಕಡಿಮೆ ಇತ್ತು. ಸಕ್ಕರೆ ಇಲ್ಲದ ಕೋಲಾದಲ್ಲೂ ಹೀಗೇ. ಕೆಫೀನ್ ಇಲ್ಲದ ಕೋಲಾದಲ್ಲಿ ಸಂಬಂಧ ಸಡಿಲವಾಗಿತ್ತು. ಕೋಲಾ ಅಲ್ಲದ ಸೋಡಾಗಳಲ್ಲಿ ಸಂಬಂಧ ಕಾಣಲಿಲ್ಲ. ಪುರುಷರಲ್ಲೂ ಕಾಣಲಿಲ್ಲ, ಬೆನ್ನುಮೂಳೆಯಲ್ಲೂ ಕಾಣಲಿಲ್ಲ. ಈ ವರದಿಯ ಮೊದಲ ಅರ್ಧವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಎರಡನೇ ಅರ್ಧ ಹೀಗಿದೆ: ದಿನಾ ಕೋಲಾ ಕುಡಿಯುವ ಆ ಮಹಿಳೆಯರ ಒಟ್ಟು ಫಾಸ್ಫರಸ್ ಸೇವನೆ ಉಳಿದವರಿಗಿಂತ ಗಮನಿಸುವಷ್ಟು ಜಾಸ್ತಿ ಇರಲಿಲ್ಲ. ಬೇರೆಯಾಗಿದ್ದದ್ದು ಕ್ಯಾಲ್ಸಿಯಂ ಮತ್ತು ಫಾಸ್ಫರಸ್‌ಗಳ ಅನುಪಾತ. ಅದು ಅವರಲ್ಲಿ ಕಡಿಮೆ ಇತ್ತು.

ಇದರ ಪಕ್ಕದಲ್ಲಿ ಡೆನ್ಮಾರ್ಕಿನ ಒಂದು ಚಿಕ್ಕ ಪ್ರಯೋಗ ಇಟ್ಟು ನೋಡಿ. 2005ರದ್ದು. 11 ಜನ ಆರೋಗ್ಯವಂತ ಯುವಕರಿಗೆ ಕ್ಯಾಲ್ಸಿಯಂ ಕಡಿಮೆ ಇರುವ ಊಟ ಕೊಟ್ಟು, ಹತ್ತು ದಿನ ದಿನಕ್ಕೆ ಎರಡೂವರೆ ಲೀಟರ್ ಕೋಲಾ ಕುಡಿಸಿದರು. ಇನ್ನೊಂದು ಹತ್ತು ದಿನ ಅದೇ ಊಟದ ಜೊತೆ ಅಷ್ಟೇ ಹಾಲು. ಕೋಲಾದ ದಿನಗಳಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿತು, ಮೂಳೆ ಕರಗಿ ಮತ್ತೆ ಕಟ್ಟಿಕೊಳ್ಳುವ ವೇಗದ ಗುರುತುಗಳೂ ಏರಿದವು. ಈ ಹಾರ್ಮೋನಿನ ಕೆಲಸವೇ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗದ ಹಾಗೆ ನೋಡಿಕೊಳ್ಳುವುದು. ಊಟದಿಂದ ಬರದಿದ್ದರೆ ಅದು ಮೂಳೆಯಿಂದ ತೆಗೆಯುತ್ತದೆ. ಎರಡೂವರೆ ಲೀಟರ್ ಹಾಲಿನಲ್ಲಿ ಸುಮಾರು 3,000 ಮಿಲಿಗ್ರಾಂ ಕ್ಯಾಲ್ಸಿಯಂ, ಕೋಲಾದಲ್ಲಿ ಹೆಚ್ಚುಕಡಿಮೆ ಸೊನ್ನೆ. ಫಾಸ್ಫರಸ್ ಅಂತೂ ಹಾಲಿನಲ್ಲೇ ಎಷ್ಟೋ ಪಟ್ಟು ಜಾಸ್ತಿ. ಆದರೂ ಮೂಳೆಗೆ ಕಷ್ಟವಾದದ್ದು ಕೋಲಾದ ದಿನಗಳಲ್ಲಿ.

ನನ್ನ ತೀರ್ಮಾನ ಇಷ್ಟು. ಕಿಡ್ನಿ ಚೆನ್ನಾಗಿರುವವರಲ್ಲಿ, ಕೋಲಾ ಮೂಳೆಗೆ ಹಾನಿ ಮಾಡುವುದು ಹೆಚ್ಚಾಗಿ ತಟ್ಟೆಯಲ್ಲಿ ಏನು ಇಲ್ಲವಾಯಿತು ಅನ್ನುವುದರಿಂದ, ಲೋಟದಲ್ಲಿ ಯಾವ ಆಮ್ಲ ಇತ್ತು ಅನ್ನುವುದರಿಂದ ಅಲ್ಲ. ಫ್ರೇಮಿಂಗ್‌ಹ್ಯಾಮ್‌ನವರು ಕ್ಯಾಲ್ಸಿಯಂ ಸೇವನೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿದಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಒಂದು ಸಮೀಕ್ಷೆಯಲ್ಲಿ, ಹೆಂಗಸರಲ್ಲಿ ಮಾತ್ರ, ಒಂದು ಮೂಳೆಯಲ್ಲಿ ಮಾತ್ರ ಕಂಡ ವ್ಯತ್ಯಾಸದ ಮೇಲೆ "ಫಾಸ್ಫಾರಿಕ್ ಆಮ್ಲ ಮೂಳೆ ಕರಗಿಸುತ್ತದೆ" ಅಂತ ಬಾಟಲಿಗಳ ಮೇಲೆ ಎಚ್ಚರಿಕೆ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ಬೆಳೆಯುವ ಮಕ್ಕಳಿಗೆ ಹಾಲು, ಮೊಸರು, ಸೊಪ್ಪು ತಪ್ಪಿ ಕೋಲಾ ಬಂದರೆ ಅದು ಬೇರೆ ಮಾತು. ಆಗ ಬೈಯಬೇಕಾದದ್ದು ಆ ಅದಲುಬದಲನ್ನು.

ಈಗ ಕಿಡ್ನಿಯ ವಿಷಯ. ಇದನ್ನು ಎರಡಾಗಿ ನೋಡಬೇಕು. ಚೆನ್ನಾಗಿರುವ ಕಿಡ್ನಿಯನ್ನು ಕೋಲಾ ಕೆಡಿಸುತ್ತದೆಯೇ ಅನ್ನುವುದು ಒಂದು. ಕೆಟ್ಟ ಕಿಡ್ನಿ ಇರುವವರಿಗೆ ಕೋಲಾ ಏನು ಮಾಡುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕಲಸಿ ಮಾತಾಡುವುದರಿಂದಲೇ ಗೊಂದಲ.

ಮೊದಲನೆಯದಕ್ಕೆ ಜನ ಸಾಮಾನ್ಯವಾಗಿ ತೋರಿಸುವುದು 2007ರಲ್ಲಿ ಪ್ರಕಟವಾದ ನಾರ್ತ್ ಕ್ಯಾರೊಲೈನಾದ ಅಧ್ಯಯನ. ಹೊಸದಾಗಿ ಕಿಡ್ನಿ ಕಾಯಿಲೆ ಗೊತ್ತಾದ 465 ಜನರನ್ನು, ಕಾಯಿಲೆ ಇಲ್ಲದ 467 ಜನರ ಜೊತೆ ಹೋಲಿಸಿದರು. ದಿನಕ್ಕೆ ಎರಡು ಅಥವಾ ಹೆಚ್ಚು ಕೋಲಾ ಕುಡಿಯುವವರಲ್ಲಿ ಕಾಯಿಲೆಯ ಸಾಧ್ಯತೆ ಸುಮಾರು 2.3 ಪಟ್ಟು ಜಾಸ್ತಿ ಕಂಡಿತು. ಸಕ್ಕರೆ ಇದ್ದ ಕೋಲಾ, ಇಲ್ಲದ ಕೋಲಾ ಎರಡರಲ್ಲೂ ಹೀಗೇ. ಕೋಲಾ ಅಲ್ಲದ ಸೋಡಾದಲ್ಲಿ ಏನೂ ಕಾಣಲಿಲ್ಲ. ಇದು ಫಾಸ್ಫಾರಿಕ್ ಆಮ್ಲದ ಕಡೆಗೇ ಬೆರಳು ತೋರಿಸುವ ಹಾಗಿದೆ ಅನ್ನುವುದು ನಿಜ. ಆದರೆ ಇಲ್ಲಿ ಕಾಯಿಲೆ ಬಂದ ಮೇಲೆ ಹಳೆಯ ಅಭ್ಯಾಸ ಕೇಳಿದ್ದು. ನೆನಪು ಎಲ್ಲರದ್ದೂ ಒಂದೇ ಥರ ಇರುವುದಿಲ್ಲ. ನಾಲ್ಕು ವರ್ಷದ ನಂತರ, 2011ರಲ್ಲಿ, ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನದಿಂದ ಇನ್ನೊಂದು ಫಲಿತಾಂಶ ಬಂತು. ಅಲ್ಲಿ ಕಿಡ್ನಿಯ ಶಕ್ತಿ ಬೇಗ ಇಳಿದದ್ದು ಕೃತಕ ಸಿಹಿಯ ಸೋಡಾ ದಿನಕ್ಕೆ ಎರಡು ಅಥವಾ ಹೆಚ್ಚು ಕುಡಿಯುವವರಲ್ಲಿ. ಸಕ್ಕರೆ ಸೋಡಾ ಕುಡಿಯುವವರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಫಾಸ್ಫಾರಿಕ್ ಆಮ್ಲವೇ ಕಾರಣ ಆಗಿದ್ದರೆ ಹೀಗೆ ಬೇರೆ ಬೇರೆ ಬರಬಾರದಿತ್ತು. ತೂಕ ಜಾಸ್ತಿ ಇರುವವರು, ಸಕ್ಕರೆ ಕಾಯಿಲೆ ಶುರುವಾಗುತ್ತಿರುವವರು ತಾವಾಗಿಯೇ ಸಕ್ಕರೆ ಇಲ್ಲದ ಸೋಡಾಕ್ಕೆ ಬದಲಾಗುತ್ತಾರೆ. ಅವರ ಕಿಡ್ನಿ ಮೊದಲೇ ಅಪಾಯದಲ್ಲಿರುತ್ತದೆ. ಅದನ್ನು ಎಷ್ಟೇ ಸರಿದೂಗಿಸಿದರೂ ಪೂರ್ತಿ ಬೇರ್ಪಡಿಸುವುದು ಕಷ್ಟ.

ಕಿಡ್ನಿ ಕಲ್ಲಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಲ್ಲು ಬಂದಿದ್ದ 1,009 ಪುರುಷರ ಮೇಲೆ ನಡೆದ ಪ್ರಯೋಗವೊಂದು 1992ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಸೋಡಾ ಬಿಡಲು ಹೇಳಿದರು. ಮೂರು ವರ್ಷದಲ್ಲಿ ಬಿಟ್ಟವರಿಗೆ ಸ್ವಲ್ಪ ಲಾಭ ಆಯಿತು. ಆ ಲಾಭ ಕಂಡದ್ದು ಫಾಸ್ಫಾರಿಕ್ ಆಮ್ಲದ ಸೋಡಾ ಕುಡಿಯುತ್ತಿದ್ದವರಲ್ಲಿ. ಹಾಗಾಗಿ ಒಂದು ಸಲ ಕಲ್ಲು ಬಂದವರಿಗೆ ಕೋಲಾ ಬಿಡಿ ಅನ್ನುವುದರಲ್ಲಿ ಅರ್ಥ ಇದೆ. ನೀರಿನ ಬದಲು ಕೋಲಾ ಅಂತೂ ಬೇಡವೇ ಬೇಡ.

ನಾನು ಈ ಪತ್ರ ಬರೆಯಲು ಕೂತದ್ದು ಎರಡನೇ ಪ್ರಶ್ನೆಗಾಗಿ.

ಆರೋಗ್ಯವಂತ ಕಿಡ್ನಿ ಹೆಚ್ಚಿನ ಫಾಸ್ಫೇಟನ್ನು ಕೆಲವೇ ಗಂಟೆಗಳಲ್ಲಿ ಮೂತ್ರಕ್ಕೆ ಕಳಿಸಿಬಿಡುತ್ತದೆ. ಕೆಟ್ಟ ಕಿಡ್ನಿಗೆ ಅದು ಆಗುವುದಿಲ್ಲ. ಶುರುವಿನಲ್ಲಿ ದೇಹ ಹೇಗೋ ಸಂಭಾಳಿಸುತ್ತದೆ. ಮೂಳೆಯಿಂದ ಬರುವ ಎಫ್‌ಜಿಎಫ್-23 ಅನ್ನುವ ಹಾರ್ಮೋನು ಏರಿ, ಉಳಿದಿರುವ ಕಿಡ್ನಿಯನ್ನು ಜಾಸ್ತಿ ದುಡಿಸುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಫಾಸ್ಫರಸ್ ನಾರ್ಮಲ್ ಅಂತಲೇ ಬರುತ್ತಿರುತ್ತದೆ. ಕಿಡ್ನಿಯ ಸೋಸುವ ಶಕ್ತಿಯನ್ನು ಹೇಳುವ ಜಿಎಫ್‌ಆರ್ ಸಂಖ್ಯೆ 30ರ ಆಸುಪಾಸಿಗೆ ಇಳಿದ ಮೇಲೆ ಈ ಹೊಂದಾಣಿಕೆ ಕೈಕೊಡುತ್ತದೆ, ರಕ್ತದ ಫಾಸ್ಫರಸ್ ಏರಲು ಶುರುವಾಗುತ್ತದೆ. ಇತ್ತ ಕಿಡ್ನಿ ತಯಾರಿಸಬೇಕಾದ ಸಕ್ರಿಯ ವಿಟಮಿನ್ ಡಿ ಕಡಿಮೆಯಾಗುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದು ಕುಗ್ಗುತ್ತದೆ, ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಮೂಳೆ ಬಲ ಕಳೆದುಕೊಳ್ಳುತ್ತದೆ, ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಕೂರುತ್ತದೆ, ರಾತ್ರಿ ನಿದ್ದೆಗೆಡಿಸುವ ತುರಿಕೆ ಬರುತ್ತದೆ. ಕೋಲಾದ ಫಾಸ್ಫೇಟ್‌ನಿಂದ ಮೂಳೆಗೆ ನಿಜವಾದ ಅಪಾಯ ಇರುವುದು ಇಲ್ಲಿ. ಅದು ಕಿಡ್ನಿಯ ದಾರಿಯಿಂದ ಬರುತ್ತದೆ.

ಇಲ್ಲಿ ಪ್ರಮಾಣಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ: ಬಾಯಿಗೆ ಹೋದದ್ದರಲ್ಲಿ ಎಷ್ಟು ರಕ್ತ ಸೇರುತ್ತದೆ ಅನ್ನುವುದು. ಬೇಳೆ, ಕಾಳು, ಇಡಿ ಧಾನ್ಯಗಳಲ್ಲಿರುವ ಫಾಸ್ಫರಸ್ ಬಹುಪಾಲು ಫೈಟೇಟ್ ರೂಪದಲ್ಲಿರುತ್ತದೆ. ಅದನ್ನು ಬಿಡಿಸುವ ಕಿಣ್ವ ನಮ್ಮ ಕರುಳಿನಲ್ಲಿ ಸರಿಯಾಗಿ ಇಲ್ಲ. ಹಾಗಾಗಿ ಅರ್ಧಕ್ಕಿಂತ ಕಡಿಮೆಯೇ ಒಳಗೆ ಹೋಗುತ್ತದೆ. ಹಾಲು, ಮಾಂಸ, ಮೊಟ್ಟೆಯದ್ದು ಅದಕ್ಕಿಂತ ಜಾಸ್ತಿ, ಸುಮಾರು 40ರಿಂದ 60 ಶೇಕಡಾ. ಫಾಸ್ಫಾರಿಕ್ ಆಮ್ಲ ಮತ್ತು ಸೇರಿಸಿದ ಫಾಸ್ಫೇಟ್ ಲವಣಗಳಿಗೆ ಯಾವ ಬಂಧನವೂ ಇಲ್ಲ. ಅವುಗಳಲ್ಲಿ 90 ಶೇಕಡಾಕ್ಕಿಂತ ಜಾಸ್ತಿ ನೇರ ರಕ್ತಕ್ಕೆ. ಕಾಳಿನ ಫಾಸ್ಫರಸ್ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಂದರೆ, ಕೋಲಾದ್ದು ಕೈಯಲ್ಲಿ ಹಿಡಿದುಕೊಂಡು ಬಂದ ಹಾಗೆ. ಜೊತೆಗೆ ಕಾಳು, ಹಾಲು, ಮೊಟ್ಟೆಯಲ್ಲಿ ಪ್ರೊಟೀನ್ ಇದೆ. ಡಯಾಲಿಸಿಸ್‌ನಲ್ಲಿರುವವರಿಗೆ ಅದು ಬೇಕೇ ಬೇಕು. ಕೋಲಾದ ಫಾಸ್ಫರಸ್ ಜೊತೆ ಅಂಥ ಯಾವ ಲಾಭವೂ ಬರುವುದಿಲ್ಲ.

ಒಬ್ಬ ರೋಗಿಯ ವಾರದ ಲೆಕ್ಕ ಹಾಕೋಣ. ಸಂಖ್ಯೆಗಳು ಅಂದಾಜು, ಆದರೆ ನಾವು ದಿನಾ ಹಾಕುವ ಲೆಕ್ಕ ಇದೇ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಪಥ್ಯ ಸರಿಯಾಗಿ ಮಾಡುತ್ತಾರೆ, ದಿನಕ್ಕೆ ಊಟದಿಂದ 900 ಮಿಲಿಗ್ರಾಂ ಫಾಸ್ಫರಸ್. ಅದರಲ್ಲಿ 60 ಶೇಕಡಾ ಒಳಗೆ ಹೋದರೆ 540 ಮಿಲಿಗ್ರಾಂ. ವಾರಕ್ಕೆ ಸುಮಾರು 3,800. ಒಂದು ಡಯಾಲಿಸಿಸ್ ಸುಮಾರು 800 ಮಿಲಿಗ್ರಾಂ ತೆಗೆಯುತ್ತದೆ ಅಂದುಕೊಂಡರೆ ಮೂರು ಸಲಕ್ಕೆ 2,400. ಉಳಿದದ್ದು 1,400 ಮಿಲಿಗ್ರಾಂ. ಇದನ್ನು ತಡೆಯುವುದಕ್ಕೇ ಫಾಸ್ಫೇಟ್ ಬೈಂಡರ್ ಮಾತ್ರೆಗಳು ಇರುವುದು. ಅವು ಕರುಳಿನಲ್ಲೇ ಫಾಸ್ಫೇಟನ್ನು ಹಿಡಿದು ಮಲದ ಜೊತೆ ಕಳಿಸುತ್ತವೆ.

ಈಗ ಈ ಲೆಕ್ಕಕ್ಕೆ ದಿನಾ ಸಂಜೆ 500 ಮಿಲಿಲೀಟರ್‌ನ ಒಂದು ಬಾಟಲಿ ಕೋಲಾ ಸೇರಿಸಿ. 100 ಮಿಲಿಲೀಟರ್‌ಗೆ 15 ಮಿಲಿಗ್ರಾಂ ಹಿಡಿದರೆ ಬಾಟಲಿಗೆ 75. ಅದರಲ್ಲಿ 90 ಶೇಕಡಾ ಅಂದರೆ 67 ಮಿಲಿಗ್ರಾಂ ರಕ್ತಕ್ಕೆ. ವಾರಕ್ಕೆ ಸುಮಾರು 470. ಅಂದರೆ ಒಂದು ಡಯಾಲಿಸಿಸ್‌ನ ಅರ್ಧಕ್ಕಿಂತ ಜಾಸ್ತಿ ಕೆಲಸ ಬರೀ ಕೋಲಾಕ್ಕೆ ಹೋಯಿತು. ಮಾತ್ರೆಗಳು ಹೊರಬೇಕಾದ ಹೊರೆ 1,400ರಿಂದ 1,870ಕ್ಕೆ ಏರಿತು, ಮೂರನೇ ಒಂದು ಭಾಗ ಜಾಸ್ತಿ. ಆದರೆ ಆ ಹೊರೆಯನ್ನು ಮಾತ್ರೆ ಹೊರುವುದೂ ಇಲ್ಲ. ಬೈಂಡರ್ ತೆಗೆದುಕೊಳ್ಳುವುದು ಊಟದ ಜೊತೆ. ಸಂಜೆ ಸುಮ್ನೆ ಕುಡಿದ ಕೋಲಾ ಬರುವ ಹೊತ್ತಿಗೆ ಕರುಳಿನಲ್ಲಿ ಮಾತ್ರೆ ಇರುವುದೇ ಇಲ್ಲ.

ಇದು ತಿಂಗಳ ರಕ್ತಪರೀಕ್ಷೆಯಲ್ಲಿ ಕಾಣುತ್ತದೆ. ಮಾಮೂಲಿ ಫಾಸ್ಫರಸ್ ಡೆಸಿಲೀಟರ್‌ಗೆ 2.5ರಿಂದ 4.5 ಮಿಲಿಗ್ರಾಂ. ಡಯಾಲಿಸಿಸ್ ರೋಗಿಗಳಲ್ಲಿ 5.5ರ ಕೆಳಗಿದ್ದರೆ ಪರವಾಗಿಲ್ಲ ಅನ್ನುವವರು ಹೆಚ್ಚು. ಫಾಸ್ಫರಸ್ 6 ದಾಟಿದಾಗ ನಾವು ಪಕ್ಕದ ಯೂರಿಯಾ ನೋಡುತ್ತೇವೆ. ಯೂರಿಯಾವೂ ಏರಿದ್ದರೆ ಪ್ರೊಟೀನ್ ಊಟ ಜಾಸ್ತಿಯಾಗಿದೆ ಅಂತ ಊಹಿಸಬಹುದು. ಯೂರಿಯಾ ಇದ್ದಲ್ಲೇ ಇದ್ದು ಫಾಸ್ಫರಸ್ ಮಾತ್ರ ಏರಿದ್ದರೆ ಒಂದೋ ಮಾತ್ರೆ ತಪ್ಪಿದೆ, ಇಲ್ಲವೇ ಡಯಾಲಿಸಿಸ್ ಕಡಿಮೆಯಾಗಿದೆ, ಇಲ್ಲವೇ ಸೇರಿಸಿದ ಫಾಸ್ಫೇಟ್ ಎಲ್ಲಿಂದಲೋ ಬರುತ್ತಿದೆ. ಆಗ ಶುರುವಾಗುತ್ತದೆ ನಮ್ಮ ಪತ್ತೇದಾರಿ. ಏನು ಕುಡಿದಿರಿ, ಯಾವ ಪ್ಯಾಕೆಟ್, ಎಷ್ಟು? ರೋಗಿ ಪ್ಯಾಕೆಟ್ ತಂದು ತೋರಿಸುತ್ತಾರೆ. ಅದರಲ್ಲಿ ಕ್ಯಾಲೊರಿ ಇದೆ, ಸಕ್ಕರೆ ಇದೆ, ಸೋಡಿಯಂ ಇದೆ. ನನಗೆ ಬೇಕಾದ ಒಂದೇ ಸಂಖ್ಯೆ ಇಲ್ಲ. ಪಟ್ಟಿಯಲ್ಲಿ 338 ಅಂತ ಇರುತ್ತದೆ. ಬೇರೆ ಪ್ಯಾಕೆಟ್‌ಗಳಲ್ಲಿ 339, 340, 341, 450, 451, 452. ಇವೆಲ್ಲ ಫಾಸ್ಫೇಟ್‌ಗಳೇ. ಎಷ್ಟು ಹಾಕಿದ್ದಾರೆ ಅಂತ ಮಾತ್ರ ಬರೆದಿರುವುದಿಲ್ಲ.

ರೋಗಿಗೆ ಗೊತ್ತಾದರೆ ಪ್ರಯೋಜನ ಇದೆಯೇ ಅಂತ ನೀವು ಕೇಳಬಹುದು. 2009ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಸುತ್ತಮುತ್ತ 279 ಡಯಾಲಿಸಿಸ್ ರೋಗಿಗಳ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಒಂದು ಗುಂಪಿಗೆ ಪದಾರ್ಥಗಳ ಪಟ್ಟಿ ಓದಿ ಫಾಸ್ಫೇಟ್ ಸೇರಿಸಿದ ತಿಂಡಿ, ಪಾನೀಯ ಬಿಡುವುದನ್ನು ಕಲಿಸಿದರು. ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಮೂರು ತಿಂಗಳಲ್ಲಿ ಕಲಿತವರ ಫಾಸ್ಫರಸ್ ಉಳಿದವರಿಗಿಂತ ಡೆಸಿಲೀಟರ್‌ಗೆ 0.6 ಮಿಲಿಗ್ರಾಂ ಜಾಸ್ತಿ ಇಳಿಯಿತು. ಹೊಸ ಔಷಧಿ ಇಲ್ಲ, ಬರೀ ಓದುವುದು. ಆ ಪಟ್ಟಿಯಲ್ಲಿ ಪ್ರಮಾಣವೇ ಇಲ್ಲದಿದ್ದಾಗ ಇಷ್ಟು ಸಾಧ್ಯವಾಯಿತು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಫಾಸ್ಫೇಟ್‌ಗಳಿಗೆ ದಿನದ ಮಿತಿ ನಿಗದಿ ಮಾಡಿತು. ತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಫಾಸ್ಫರಸ್, ಊಟದಲ್ಲಿ ಸಹಜವಾಗಿ ಇರುವುದೂ ಸೇರಿ. 60 ಕಿಲೋ ಇರುವವರಿಗೆ ಅದು 2,400 ಮಿಲಿಗ್ರಾಂ. ಕೋಲಾದ ಒಂದು ಕ್ಯಾನು ಅದರ ಮುಂದೆ ಏನೂ ಅಲ್ಲ. ಆದರೆ ಅದೇ ಪ್ರಾಧಿಕಾರ ಸ್ಪಷ್ಟವಾಗಿ ಇನ್ನೊಂದು ಮಾತು ಸೇರಿಸಿದೆ: ಕಿಡ್ನಿಯ ಶಕ್ತಿ ಮಧ್ಯಮದಿಂದ ತೀವ್ರವಾಗಿ ಕುಗ್ಗಿದವರಿಗೆ ಈ ಮಿತಿ ಅನ್ವಯಿಸುವುದಿಲ್ಲ. ಹಾಗಾದರೆ ಅವರಿಗೆ ಅನ್ವಯಿಸುವುದು ಯಾವುದು? ಅವರವರ ವೈದ್ಯರು ಹೇಳಿದ ಲೆಕ್ಕ. ಆ ಲೆಕ್ಕಕ್ಕೆ ಬೇಕಾದ ಸಂಖ್ಯೆಯನ್ನು ಕೊಡಿಸುವುದು ನಿಮ್ಮ ಕೈಯಲ್ಲಿದೆ.

ನಾನು ಕೇಳುವುದು ಇದು. ಫಾಸ್ಫಾರಿಕ್ ಆಮ್ಲ ಅಥವಾ ಫಾಸ್ಫೇಟ್ ಸೇರಿಸಿದ ಪ್ರತಿ ಪಾನೀಯ, ಪ್ರತಿ ಪ್ಯಾಕೆಟ್ ಮೇಲೆ, ಪೋಷಕಾಂಶದ ಪಟ್ಟಿಯಲ್ಲಿ ಸೋಡಿಯಂ ಪಕ್ಕದಲ್ಲೇ, ಫಾಸ್ಫರಸ್ ಎಷ್ಟು ಮಿಲಿಗ್ರಾಂ ಅಂತ ಬರೆಸಿ. ಎರಡು ಸಂಖ್ಯೆ ಇರಲಿ: ಒಟ್ಟು ಎಷ್ಟು, ಅದರಲ್ಲಿ ಸೇರಿಸಿದ್ದು ಎಷ್ಟು. ಎರಡನೆಯದು ಯಾಕೆ ಬೇಕು ಅಂದರೆ, ಬರೀ ಒಟ್ಟು ಬರೆದರೆ ಹಾಲಿನ ಪ್ಯಾಕೆಟ್ ಕೋಲಾಕ್ಕಿಂತ ಭಯಂಕರವಾಗಿ ಕಾಣುತ್ತದೆ. ಜನ ಮೊದಲು ಬಿಡುವುದು ಹಾಲನ್ನು. ಮಿಲಿಗ್ರಾಂ 100 ಮಿಲಿಲೀಟರ್‌ಗೂ ಇರಲಿ, ಇಡೀ ಬಾಟಲಿಗೂ ಇರಲಿ. ಯಾರೂ 100 ಮಿಲಿಲೀಟರ್ ಅಳೆದು ಕುಡಿಯುವುದಿಲ್ಲ.

ಕಂಪನಿಗಳು ಪಾಕವಿಧಾನ ಗುಟ್ಟು ಅನ್ನಬಹುದು. ಫಾಸ್ಫೇಟ್ ಎಷ್ಟಿದೆ ಅಂತ ತಿಳಿಯಲು ಯಾವ ಗುಟ್ಟೂ ಬೇಕಿಲ್ಲ. ಮೊಲಿಬ್ಡೇಟ್ ಹಾಕಿ ನೀಲಿ ಬಣ್ಣ ಬರಿಸಿ, ಬಣ್ಣದ ಗಾಢತೆಯಿಂದ ಅಳೆಯುವ ಹಳೆಯ ವಿಧಾನ ಕಾಲೇಜಿನ ಪ್ರಯೋಗಾಲಯದಲ್ಲೂ ಆಗುತ್ತದೆ. ಬಾಟಲಿ ಕೊಂಡ ಯಾರು ಬೇಕಾದರೂ ಅಳೆಯಬಹುದಾದದ್ದನ್ನು ಗುಟ್ಟು ಅನ್ನುವುದು ಹೇಗೆ? ಇನ್ನು, "ಆರೋಗ್ಯವಂತರು ಸುಮ್ನೆ ಹೆದರುತ್ತಾರೆ" ಅನ್ನುವ ವಾದ. ಸಂಖ್ಯೆ ಇಲ್ಲದೇ ಇದ್ದಾಗಲೇ ಜನ ಈಗ ಹೆದರುತ್ತಿರುವುದು. ಬಾಟಲಿಯ ಮೇಲೆ 50 ಅಂತ ಇದ್ದು, ದಿನಕ್ಕೆ 700 ಬೇಕು ಅಂತ ಗೊತ್ತಿದ್ದರೆ, ಮೂಳೆ ಕರಗುವ ಕಥೆ ತಾನಾಗಿಯೇ ನಿಲ್ಲುತ್ತದೆ.

ಓದುತ್ತಿರುವ ಸಾರ್ವಜನಿಕರಿಗೂ ಒಂದೆರಡು ಮಾತು. ನಿಮಗೆ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದರೆ, ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕಿದ ಜಿಎಫ್‌ಆರ್ ಅನ್ನುವ ಸಂಖ್ಯೆ ವರದಿಯಲ್ಲಿ ಇರುತ್ತದೆ. ಅದು ಮೂರು ತಿಂಗಳಿಗಿಂತ ಜಾಸ್ತಿ ಕಾಲ 60ಕ್ಕಿಂತ ಕೆಳಗಿದ್ದರೆ ನಿಮ್ಮ ವೈದ್ಯರ ಹತ್ತಿರ ಫಾಸ್ಫೇಟ್ ವಿಷಯ ತೆಗೆಯಿರಿ. ಆಮೇಲೆ ಕೋಲಾ ನಿಮಗೆ ಬರೀ ಸಕ್ಕರೆಯ ಪ್ರಶ್ನೆ ಅಲ್ಲ. ಸಕ್ಕರೆ ಇಲ್ಲದ ಕೋಲಾದಲ್ಲೂ ಆಮ್ಲ ಅದೇ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಬಾಟಲಿಯಲ್ಲಿ ಬರುವ ಕೆಲವು ತಣ್ಣನೆಯ ಚಹಾಗಳಲ್ಲೂ, ತಿಳಿ ಬಣ್ಣದ ಕೆಲವು ಪಾನೀಯಗಳಲ್ಲೂ ಫಾಸ್ಫೇಟ್ ಇರುತ್ತದೆ. ಪಟ್ಟಿಯಲ್ಲಿ "ಫಾಸ್ಫ" ಅಂತ ಶುರುವಾಗುವ ಅಥವಾ ನಡುವೆ ಬರುವ ಹೆಸರು, ಇಲ್ಲವೇ ಮೇಲೆ ಹೇಳಿದ ಸಂಖ್ಯೆಗಳನ್ನು ಹುಡುಕಿ. ಡಯಾಲಿಸಿಸ್‌ನಲ್ಲಿರುವವರು ಮಾತ್ರ ಬೈಂಡರ್ ಮಾತ್ರೆಯ ಪ್ರಮಾಣವನ್ನು ತಾವೇ ಏರಿಸಿಕೊಂಡು ಕೋಲಾ ಕುಡಿಯುವ ಉಪಾಯ ಮಾಡಬೇಡಿ. ಕೆಲವು ಬೈಂಡರ್‌ಗಳಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅದು ಜಾಸ್ತಿಯಾದರೆ ರಕ್ತನಾಳದಲ್ಲೇ ಹೋಗಿ ಕೂರುತ್ತದೆ.

ಮಾನ್ಯರೇ, ನಿಯಮ ಬದಲಾಗಲು ವರ್ಷಗಳು ಹಿಡಿಯುತ್ತವೆ ಅಂತ ನನಗೂ ಗೊತ್ತು. ಅಲ್ಲಿಯವರೆಗೆ ಒಂದು ಮಧ್ಯಂತರ ದಾರಿ ಇದೆ. ಕಂಪನಿಗಳಿಂದ ಪ್ರತಿ ಉತ್ಪನ್ನದ ಫಾಸ್ಫರಸ್ ಪ್ರಮಾಣ ತರಿಸಿಕೊಂಡು, ಎಲ್ಲರೂ ನೋಡುವಂಥ ಒಂದು ಪಟ್ಟಿಯಲ್ಲಿ ಹಾಕಿ. ನಮ್ಮಂಥವರು ಅದನ್ನು ರೋಗಿಗಳ ಕೈಗೆ ತಲುಪಿಸುತ್ತೇವೆ. ಈ ಪತ್ರಕ್ಕೆ ನಿಮ್ಮ ಉತ್ತರವನ್ನೂ ಬಹಿರಂಗವಾಗಿಯೇ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಕಿಡ್ನಿ ವಿಭಾಗದ ಒಬ್ಬ ಆಹಾರ ತಜ್ಞೆ